‘ವಿಜ್ಞಾನ ವರವೋ ಶಾಪವೋ’, 500 ಪದ, ನಾಳೆ ಬೇಕು

ಮಕ್ಕಳು ಪ್ರಬಂಧ ಬರೆದುಕೊಡಿ ಎಂದು ಕೇಳುವುದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ. ‘ವಿಜ್ಞಾನ ವರವೋ ಶಾಪವೋ, 500 ಪದ, ನಾಳೆ ಬೇಕು.’ ಅಕ್ಕನಿಗೋ ಮಾವನಿಗೋ ಟ್ಯೂಷನ್ ಹೇಳಿಕೊಡುವವರಿಗೋ ಈ ಸಾಲು ಬಂದು ಬೀಳುತ್ತದೆ. ತಲೆಬರಹ ಇದೆ, ಅಳತೆ ಇದೆ, ಗಡುವೂ ಇದೆ. ಇನ್ನೇನು ಬೇಕು, ಬರೆದುಕೊಟ್ಟರಾಯ್ತು ಅನ್ನಿಸುತ್ತದೆ. ಬರೆದು ಅಭ್ಯಾಸ ಇರುವವರಿಗೆ ಇದು ದೊಡ್ಡ ಕೆಲಸವೂ ಅಲ್ಲ.

ಆದರೆ ಆ ಸಾಲಿನಲ್ಲಿ ಏನೇನು ಇಲ್ಲ ಅಂತ ನೋಡಿ. ಯಾವ ತರಗತಿ? ಯಾವ ವಿಷಯದ ಮೇಷ್ಟ್ರು ಕೊಟ್ಟಿದ್ದು, ಕನ್ನಡದವರೋ ವಿಜ್ಞಾನದವರೋ? ಕ್ಲಾಸಿನಲ್ಲಿ ಅದಕ್ಕೂ ಮೊದಲು ಯಾವ ಪಾಠ ಆಗಿತ್ತು? ಮಗುವಿನ ಅಭಿಪ್ರಾಯ ಕೇಳಿದ್ದಾರೋ, ಮಾಹಿತಿ ಮಾತ್ರ ಸಾಕೋ? ಯಾವುದಕ್ಕೆ ಅಂಕ? ಮೇಷ್ಟ್ರು ಕೊಟ್ಟ ಕೆಲಸದಲ್ಲಿ ಇದೆಲ್ಲ ಇತ್ತು. ಮಗುವಿನ ಬಾಯಿಂದ ನಮಗೆ ತಲುಪುವ ಹೊತ್ತಿಗೆ ನೆನಪಿಡಲು ಸುಲಭವಾದ ಮೂರು ಮಾತ್ರ ಉಳಿದಿವೆ, ಹೆಸರು, ಸಂಖ್ಯೆ ಮತ್ತು ಗಡುವು. ಹಾಗಾಗಿ ಸಹಾಯ ಮಾಡುವವರ ಮೊದಲ ಕೆಲಸ ಬರೆಯುವುದೂ ಅಲ್ಲ, ಬೈಯುವುದೂ ಅಲ್ಲ. ದಾರಿಯಲ್ಲಿ ಬಿದ್ದುಹೋದದ್ದನ್ನು ಹೆಕ್ಕಿ ತರುವುದು.

ಬರೆದುಕೊಟ್ಟರೆ ಏನಾಗುತ್ತದೆ ಅನ್ನುವುದನ್ನೂ ಸ್ವಲ್ಪ ನೋಡೋಣ, ಯಾಕೆಂದರೆ ‘ಅದು ತಪ್ಪು’ ಅಂದುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಲೆಬರಹ ಒಂದನ್ನೇ ಹಿಡಿದು ಬರೆದ ಪ್ರಬಂಧ ಯಾವಾಗಲೂ ಒಂದೇ ಥರ ಇರುತ್ತದೆ. ‘ವಿಜ್ಞಾನವು ಆಧುನಿಕ ಬದುಕಿನ ಅವಿಭಾಜ್ಯ ಅಂಗವಾಗಿದೆ’ ಎಂದು ಶುರುವಾಗುತ್ತದೆ. ಒಂದು ಪ್ಯಾರಾದಲ್ಲಿ ವಿದ್ಯುತ್ತು, ಔಷಧಿ, ವಿಮಾನ. ಇನ್ನೊಂದರಲ್ಲಿ ಅಣುಬಾಂಬು, ಮಾಲಿನ್ಯ. ‘ಬಳಸುವವರ ಕೈಯಲ್ಲಿದೆ’ ಎಂದು ಮುಗಿಯುತ್ತದೆ. ಬರೆದವರಿಗೆ ಆ ಮಗು ಏನು ಓದಿದೆ, ಏನು ಯೋಚಿಸುತ್ತದೆ ಎಂದು ಗೊತ್ತಿಲ್ಲ. ಹಾಗಾಗಿ ಯಾರಿಗೂ ತಪ್ಪು ಅನ್ನಿಸದ, ಯಾರದ್ದೂ ಅಲ್ಲದ ಮಾತುಗಳೇ ಬರುತ್ತವೆ. ವರ್ಷಪೂರ್ತಿ ಆ ಮಗುವಿನ ನೋಟ್ಸ್ ತಿದ್ದಿದ ಮೇಷ್ಟ್ರಿಗೆ ಮೂರು ಸಾಲು ಓದಿದರೆ ಸಾಕು. ‘ಅವಿಭಾಜ್ಯ ಅಂದ್ರೆ ಏನಮ್ಮಾ?’ ಎಂದು ಅವರು ಕೇಳಿದರೆ ಅಲ್ಲಿಗೆ ಮುಗಿಯಿತು.

ಕಲಿಕೆಯ ಲೆಕ್ಕವೂ ಒಂದಿದೆ. 1978ರಲ್ಲಿ ನಾರ್ಮನ್ ಸ್ಲಾಮೆಕಾ ಮತ್ತು ಪೀಟರ್ ಗ್ರಾಫ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವು ಪದಗಳನ್ನು ಸುಮ್ನೆ ಓದಲು ಕೊಟ್ಟರು. ಇನ್ನು ಕೆಲವನ್ನು ಒಂದು ಸುಳಿವು ಕೊಟ್ಟು, ಓದುವವರೇ ಹೊಳೆಯಿಸಿಕೊಳ್ಳುವಂತೆ ಮಾಡಿದರು. ತಾವೇ ಹೊಳೆಯಿಸಿಕೊಂಡ ಪದಗಳು ಓದಿದ ಪದಗಳಿಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿದವು. ಪ್ರಬಂಧಕ್ಕೂ ಇದೇ ಮಾತು ಹೊಂದುತ್ತದೆ ಅನ್ನುವುದು ನನ್ನ ಅನಿಸಿಕೆ. ಬೇರೆಯವರು ಬರೆದದ್ದನ್ನು ಚಂದದ ಅಕ್ಷರದಲ್ಲಿ ಇಳಿಸಿಕೊಂಡ ಮಗುವಿಗೆ ಕೈನೋವು ಬಂದಿರುತ್ತದೆ, ವಿಷಯ ಬಂದಿರುವುದಿಲ್ಲ.

ಅದಕ್ಕೆ ಕೆಲವರು ಎದುರಿನ ತುದಿಗೆ ಹೋಗುತ್ತಾರೆ. ‘ನಿನ್ನ ಹೋಂವರ್ಕ್, ನೀನೇ ಮಾಡ್ಕೋ’ ಎಂದು ಕೈತೊಳೆದುಕೊಳ್ಳುತ್ತಾರೆ. ಹೇಳಲು ಸುಲಭ. ಆದರೆ ಮಗು ಕೇಳಲು ಬಂದದ್ದೇ ಎಲ್ಲಿಂದ ಶುರುಮಾಡಬೇಕು ಎಂದು ಗೊತ್ತಾಗದೆ. ಇಲ್ಲ ಅಂದರೆ ಅದು ಇನ್ನೊಬ್ಬರ ಹತ್ತಿರ ಹೋಗುತ್ತದೆ, ಅಷ್ಟೇ.

ಈ ಎರಡರ ನಡುವೆ ಮಾಡಬಹುದಾದ ಕೆಲಸ ಹೇಗಿರುತ್ತದೆ ಎಂದು ಒಂದು ಉದಾಹರಣೆ ಹಿಡಿದು ನೋಡೋಣ. ಎಂಟನೇ ತರಗತಿಯ ಹುಡುಗಿ, ಕೇಳಿದ್ದು ಚಿಕ್ಕಮ್ಮನ ಹತ್ತಿರ ಅಂತಿಟ್ಟುಕೊಳ್ಳಿ. ಮಾತು ಹೀಗೆ ಶುರುವಾಗಬಹುದು.

‘ಚಿಕ್ಕಮ್ಮಾ, ಬರ್ದುಕೊಡ್ತೀಯಾ? ಐನೂರೇ ಪದ.’

‘ಬರಿಯೋಕೆ ಕೂತ್ಕೋತೀನಿ ನಿನ್ನ ಜೊತೆ. ಮೊದ್ಲು ನೋಟ್ಸ್ ತಗೊಂಡು ಬಾ. ಮಿಸ್ ಏನು ಬರೆಸಿದ್ರು ನೋಡೋಣ.’

‘ಅದರಲ್ಲೇನಿಲ್ಲ. ಟೈಟಲ್ ಅಷ್ಟೇ.’

‘ಇರ್ಲಿ, ತಗೊಂಡು ಬಾ.’

ನೋಟ್ಸ್ ತೆಗೆಸುವುದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಅರ್ಧ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತದೆ. ತಲೆಬರಹದ ಕೆಳಗೆ ಅವಸರದ ಅಕ್ಷರದಲ್ಲಿ ಇನ್ನೊಂದು ಸಾಲು ಹೆಚ್ಚಿನ ಸಲ ಸಿಗುತ್ತದೆ. ಈ ಉದಾಹರಣೆಯಲ್ಲಿ ಅದು ‘ಒಂದು ಉದಾ. ಸಾಕು, ಎರಡೂ ಕಡೆ, ಸ್ವಂತ ಅಭಿಪ್ರಾಯ’ ಎಂದಿದೆ. ಕೆಲಸದ ರೂಪವೇ ಬದಲಾಗಿಹೋಯಿತು. ವಿದ್ಯುತ್ತಿನಿಂದ ಅಣುಬಾಂಬಿನ ತನಕ ಎಲ್ಲವನ್ನೂ ತುರುಕಬೇಕಿಲ್ಲ. ಒಂದೇ ಒಂದು ವಸ್ತು ಹಿಡಿದು ಅದರ ಎರಡೂ ಮುಖ ನೋಡಿದರೆ ಸಾಕು. ನೋಟ್ಸಿನಲ್ಲಿ ನಿಜಕ್ಕೂ ಏನೂ ಇಲ್ಲದಿದ್ದರೆ ಸಹಪಾಠಿಗೆ ಒಂದು ಫೋನ್ ಮಾಡಿಸಿ. ಅದೂ ಆಗದಿದ್ದರೆ ಹಿಂದಿನ ಪ್ರಬಂಧಕ್ಕೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಏನು ಬರೆದಿದ್ದಾರೆ ನೋಡಿ. ‘ಉದಾಹರಣೆ ಕೊಡು’ ಅಂತಲೋ ‘ವಿಷಯಾಂತರ’ ಅಂತಲೋ ಇದ್ದರೆ ಈ ಸಲ ಅವರು ಏನು ನೋಡುತ್ತಾರೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ಮುಂದಿನದು 500 ಎಂಬ ಸಂಖ್ಯೆ. ಮಕ್ಕಳು ಹೆದರುವುದು ಇದಕ್ಕೇ, ಹಾಗಾಗಿ ಇದನ್ನು ಬೇಗ ಒಡೆದುಹಾಕುವುದು ಒಳ್ಳೆಯದು. ಅವಳ ನೋಟ್ಸಿನ ಒಂದು ಪುಟದಲ್ಲಿ ಎಷ್ಟು ಸಾಲು, ಒಂದು ಸಾಲಿನಲ್ಲಿ ಎಷ್ಟು ಪದ ಎಂದು ಅವಳಿಂದಲೇ ಎಣಿಸಿ. 25 ಸಾಲು, ಸಾಲಿಗೆ 6 ಪದ ಅಂದರೆ ಪುಟಕ್ಕೆ 150. ಹಾಗಾದರೆ 500 ಪದ ಅಂದರೆ ಮೂರು ಪುಟ, ಮೇಲೆ ಸ್ವಲ್ಪ. ಒಂದು ವಾಕ್ಯಕ್ಕೆ ಸುಮಾರು 7 ಪದ ಅಂದುಕೊಂಡರೆ ಎಪ್ಪತ್ತು ವಾಕ್ಯ ಬೇಕು. ಆರು ಪ್ಯಾರಾ ಮಾಡಿದರೆ ಒಂದೊಂದಕ್ಕೆ ಹನ್ನೆರಡು ವಾಕ್ಯ. ‘ಐನೂರು’ ಅಂದಾಗ ಕಂಡ ಗೋಡೆ ಈಗ ಹನ್ನೆರಡು ವಾಕ್ಯದ ಆರು ತುಂಡು ಆಯಿತು. ಇನ್ನೊಂದು ಮಾತು. ತಲೆಬರಹದ ಬಗ್ಗೆ ಹೇಳಲು ಏನೂ ಇಲ್ಲದವರಿಗೆ 500 ಜಾಸ್ತಿ, ಒಂದು ವಸ್ತುವನ್ನು ಹತ್ತಿರದಿಂದ ನೋಡಿದವರಿಗೆ ಕಡಿಮೆ. ಪದ ಸಾಲದೆ ಮಗು ಒದ್ದಾಡುತ್ತಿದೆ ಅಂದರೆ ಪದ ಹುಡುಕಿಕೊಡಬೇಡಿ, ವಿಷಯ ಸಾಲದು ಅಂತ ತಿಳಿಯಿರಿ.

ಈಗ ವಸ್ತು ಹುಡುಕಬೇಕು. ಇಲ್ಲಿ ಚಿಕ್ಕಮ್ಮನಿಗೆ ಒಂದು ಪ್ರಲೋಭನೆ ಇರುತ್ತದೆ. ‘ಮೊಬೈಲ್ ಬಗ್ಗೆ ಬರಿ’ ಎಂದು ತಾನೇ ಹೇಳಿಬಿಡುವುದು. ಹೇಳಿದರೆ ದೊಡ್ಡ ತಪ್ಪೇನಲ್ಲ, ಆದರೆ ಆರಿಸುವ ಕೆಲಸ ಅವಳ ಕೈತಪ್ಪಿತು. ಅದರ ಬದಲು ‘ಈ ಮನೆಯಲ್ಲಿರೋ ಯಾವ ವಸ್ತು ಇವತ್ತು ಕೆಟ್ಟುಹೋದ್ರೆ ಅಮ್ಮಂಗೆ ಜಾಸ್ತಿ ಕಷ್ಟ ಆಗುತ್ತೆ?’ ಎಂದು ಕೇಳಿ ಸುಮ್ಮನಾಗಬಹುದು. ಹುಡುಗಿ ಸುತ್ತ ನೋಡಿ ‘ಫ್ರಿಜ್’ ಅನ್ನುತ್ತಾಳೆ. ‘ಫ್ರಿಜ್‌ನಿಂದ ಯಾರಿಗಾದ್ರೂ ಕೆಟ್ಟದ್ದಾಗಿದ್ಯಾ?’ ಎಂದರೆ ‘ಓಝೋನ್! ಪಾಠದಲ್ಲಿತ್ತು’ ಅನ್ನುತ್ತಾಳೆ. ಎರಡೂ ಕಡೆ ಒಂದೇ ಡಬ್ಬಿಯಲ್ಲಿ ಸಿಕ್ಕವು. ಅವಳು ತಾನೇ ಹೇಳಿದ್ದು ಅನ್ನುವುದು ಮುಖ್ಯ.

ಮಾಹಿತಿ ಎಷ್ಟು ಹೇಳಿಕೊಡಬಹುದು? ಇದರ ಬಗ್ಗೆ ಜನ ಅನವಶ್ಯಕವಾಗಿ ಬಿಗಿಯಾಗಿರುತ್ತಾರೆ. ಯಾರಿಗೂ ಸ್ವಂತವಲ್ಲದ ಸಂಗತಿಗಳನ್ನು ಹೇಳಿಕೊಡುವುದು ಪಾಠ ಮಾಡಿದಂತೆಯೇ, ಅದರಲ್ಲಿ ಮೋಸ ಇಲ್ಲ. ಪುಸ್ತಕ ತೋರಿಸಿ ಅವಳಿಂದಲೇ ಹುಡುಕಿಸಿದರೆ ಇನ್ನೂ ಒಳ್ಳೆಯದು. ಫ್ರಿಜ್‌ನ ಕತೆಗೆ ಬೇಕಾದ ಸಂಗತಿ ಇಷ್ಟೇ. ಹಳೆಯ ಫ್ರಿಜ್‌ಗಳಲ್ಲಿ ತಂಪು ಮಾಡಲು ಅಮೋನಿಯಾ, ಸಲ್ಫರ್ ಡೈ ಆಕ್ಸೈಡ್‌ನಂಥ ಅನಿಲಗಳನ್ನು ಬಳಸುತ್ತಿದ್ದರು. ಸೋರಿದರೆ ಅವು ವಿಷ. 1928ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಅವರ ಜೊತೆಗಾರರು ಅದಕ್ಕೆ ಬದಲಿಯಾಗಿ ಕ್ಲೋರೋಫ್ಲೂರೋಕಾರ್ಬನ್, ಅಂದರೆ ಸಿಎಫ್‌ಸಿ ಗುಂಪಿನ ಅನಿಲವನ್ನು ತಂದರು. ಅದಕ್ಕೆ ಬೆಂಕಿ ಹತ್ತುವುದಿಲ್ಲ, ವಾಸನೆ ಇಲ್ಲ, ಉಸಿರಿಗೆ ವಿಷವಲ್ಲ, ಬೇರೆ ಯಾವುದರ ಜೊತೆಗೂ ಸುಲಭವಾಗಿ ಸೇರುವುದಿಲ್ಲ. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲಂಡ್ ಈ ಅನಿಲ ಓಝೋನ್ ಪದರಕ್ಕೆ ಅಪಾಯ ಎಂದು ತೋರಿಸಿದರು. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಪ್ರತಿ ವಸಂತದಲ್ಲಿ ಓಝೋನ್ ತೀರಾ ಕಡಿಮೆಯಾಗುತ್ತಿದೆ ಎಂದು ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಸೇರಿದವು.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಹುಡುಗಿ ಹಾಗೇ ಬರೆದುಕೊಳ್ಳುತ್ತಾಳೆ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಓದುವಾಗ ಪೆನ್ನು ಕೆಳಗಿರಲಿ. ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿದದ್ದನ್ನು ಮಾತ್ರ ತನ್ನ ಮಾತಿನಲ್ಲಿ ಚೀಟಿಯಲ್ಲಿ ಬರೆಯಲಿ. ಇಸವಿ, ಹೆಸರು ಬೇಕಾದರೆ ಮತ್ತೆ ತೆರೆದು ನೋಡಲಿ. ಪುಸ್ತಕದ ವಾಕ್ಯ ತನ್ನ ವಾಕ್ಯದೊಳಗೆ ನುಗ್ಗುವುದನ್ನು ತಡೆಯಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಕೈಗೆ ಸಿಗುವ ಪುರಾವೆಯೂ ಮನೆಯಲ್ಲೇ ಇದೆ. ಫ್ರಿಜ್‌ನ ಹಿಂಬದಿಯಲ್ಲೋ ಬಾಗಿಲ ಒಳಗೋ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಒಳಗೆ ಯಾವ ಅನಿಲ ಇದೆ, ಎಷ್ಟು ಗ್ರಾಂ ಇದೆ ಎಂದು ಬರೆದಿರುತ್ತದೆ. ಈಚಿನ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಆರ್ 600ಎ, ಅಂದರೆ ಐಸೋಬ್ಯುಟೇನ್. ಸ್ವಲ್ಪ ಹಳೆಯದಾದರೆ ಆರ್ 134ಎ ಇರಬಹುದು. ಹುಡುಗಿ ಟಾರ್ಚ್ ಹಿಡಿದು ಬಗ್ಗಿ ಆ ಚೀಟಿ ಓದಿ ಬಂದರೆ ಪ್ರಬಂಧಕ್ಕೆ ಅವಳದೇ ಆದ ಒಂದು ವಾಕ್ಯ ಸಿಕ್ಕಿತು. ಯಾವ ಗೈಡಿನಲ್ಲೂ ಅದು ಇರುವುದಿಲ್ಲ, ಮತ್ತೊಬ್ಬರ ಪ್ರಬಂಧದಲ್ಲೂ ಇರುವುದಿಲ್ಲ. ಇದು ನಿನ್ನದೇ ಬರಹವೇ ಎಂದು ಯಾರೂ ಕೇಳಬೇಕಾಗಿಲ್ಲ.

ಇಲ್ಲಿಗೆ ಚಿಕ್ಕಮ್ಮ ಎದ್ದು ಹೋಗಬೇಕು. ನಿಜವಾಗಿಯೂ. ಮೊದಲ ಕರಡು ಬರೆಯುವಾಗ ದೊಡ್ಡವರು ಪಕ್ಕದಲ್ಲಿದ್ದರೆ ಮಗು ಪ್ರತಿ ವಾಕ್ಯಕ್ಕೂ ತಲೆಯೆತ್ತಿ ನೋಡುತ್ತದೆ, ನಾವು ಪ್ರತಿ ಸಲ ಒಂದು ಪದ ಕೊಡುತ್ತೇವೆ, ಕೊನೆಗೆ ಪ್ರಬಂಧ ಯಾರದ್ದು ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಮೊದಲು ಒಂದೇ ಪ್ಯಾರಾ ಬರೆದು ತೋರಿಸು ಎಂದು ಹೇಳಿ ಹೋದರೆ ಸಾಕು. ಬಂದು ನೋಡಿದಾಗ ಇಂಥದ್ದೊಂದು ಸಿಗಬಹುದು:

‘ನಮ್ಮ ಮನೆಯಲ್ಲಿ ಫ್ರಿಜ್ ಇದೆ. ಫ್ರಿಜ್ ವಿಜ್ಞಾನದ ಕೊಡುಗೆ. ಮೊದಲು ಫ್ರಿಜ್‌ನಲ್ಲಿ ವಿಷದ ಗ್ಯಾಸ್ ಇತ್ತು. ಆಮೇಲೆ ಸಿಎಫ್‌ಸಿ ಬಂತು. ಅದು ಒಳ್ಳೆಯದು ಎಂದು ಎಲ್ಲರೂ ತಿಳಿದರು. ಆದರೆ ಅದರಿಂದ ಓಝೋನ್‌ಗೆ ತೂತಾಯಿತು. ಇದರಿಂದ ಭೂಮಿ ಬಿಸಿಯಾಗುತ್ತಿದೆ. ಆದ್ದರಿಂದ ವಿಜ್ಞಾನ ವರವೂ ಹೌದು ಶಾಪವೂ ಹೌದು.’

ಬರೆಯಲು ಬರುವ ಯಾರಿಗಾದರೂ ಕೈ ತುರಿಸುತ್ತದೆ. ಎರಡೇ ನಿಮಿಷದಲ್ಲಿ ಇದನ್ನು ಚಂದ ಮಾಡಿಬಿಡಬಹುದು. ಮಾಡಬಾರದು. ಯಾಕೆಂದರೆ ಇದರಲ್ಲಿ ಕೊರತೆ ಇರುವುದು ಭಾಷೆಯದಲ್ಲ. ವಾಕ್ಯಗಳು ಚಿಕ್ಕವು, ಆದರೆ ನೇರ. ಕೊರತೆ ಇರುವುದು ಮೂರು ಜಾಗದಲ್ಲಿ, ಮೂರೂ ಬೇರೆ ಬೇರೆ ಥರದವು, ಒಂದೊಂದಕ್ಕೂ ಬೇರೆ ಉಪಚಾರ ಬೇಕು.

ಸುಲಭದ್ದು ಮೊದಲು. ‘ಇದರಿಂದ ಭೂಮಿ ಬಿಸಿಯಾಗುತ್ತಿದೆ’ ಅನ್ನುವುದು ತಪ್ಪು. ಓಝೋನ್ ಪದರ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅದು ತೆಳುವಾದರೆ ಚರ್ಮಕ್ಕೆ, ಕಣ್ಣಿಗೆ, ಬೆಳೆಗೆ ತೊಂದರೆ. ಭೂಮಿ ಬಿಸಿಯಾಗಲು ಮುಖ್ಯ ಕಾರಣ ಕಾರ್ಬನ್ ಡೈ ಆಕ್ಸೈಡ್‌ನಂಥ ಹಸಿರುಮನೆ ಅನಿಲಗಳು. ಸಿಎಫ್‌ಸಿ ಕೂಡ ಅಂಥದ್ದೊಂದು ಅನಿಲ, ಹಾಗಾಗಿ ಗೊಂದಲ ಆಗುವುದು ಸಹಜ. ಆದರೆ ಶಾಖವನ್ನು ಹಿಡಿದಿಡುವುದು ಆ ಅನಿಲ, ಓಝೋನ್‌ನ ತೂತಲ್ಲ. ದೊಡ್ಡವರಲ್ಲೂ ಬಹಳ ಮಂದಿ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಇಂಥ ತಪ್ಪನ್ನು ತಿದ್ದದೆ ಬಿಡುವುದು ಪ್ರಾಮಾಣಿಕತೆ ಅಲ್ಲ. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಗುರುತು ಹಾಕಿ, ‘ಓಝೋನ್ ಏನನ್ನ ತಡಿಯುತ್ತೆ? ಪಾಠ ನೋಡು’ ಎಂದರೆ ಮುಗಿಯಿತು. ಏನು ತಪ್ಪು ಎಂದು ಅವಳೇ ಕಂಡುಕೊಳ್ಳುತ್ತಾಳೆ. ಹೊತ್ತಾಗಿದ್ದರೆ ನೇರ ಹೇಳಿದರೂ ನಡೆಯುತ್ತದೆ, ಆದರೆ ವಾಕ್ಯವನ್ನು ಅವಳೇ ಬರೆಯಲಿ.

ಎರಡನೆಯದು ‘ಅದು ಒಳ್ಳೆಯದು ಎಂದು ಎಲ್ಲರೂ ತಿಳಿದರು’ ಅನ್ನುವ ವಾಕ್ಯ. ತಪ್ಪೇನಿಲ್ಲ, ಆದರೆ ಟೊಳ್ಳು. ಇಡೀ ಪ್ರಬಂಧದ ಬೀಗದ ಕೈ ಇಲ್ಲೇ ಇದೆ, ಅವಳಿಗೆ ಅದು ಕಂಡಿಲ್ಲ. ಚಿಕ್ಕಮ್ಮನಿಗೆ ಕಂಡಿದೆ, ಆದರೆ ಹೇಳಿಬಿಟ್ಟರೆ ಅದು ಚಿಕ್ಕಮ್ಮನ ಪ್ರಬಂಧ. ಹಾಗಾಗಿ ಪ್ರಶ್ನೆ.

‘ಯಾಕೆ ಒಳ್ಳೇದು ಅಂದ್ಕೊಂಡ್ರು?’

‘ವಿಷ ಅಲ್ಲ, ಬೆಂಕಿ ಹತ್ತಲ್ಲ. ಯಾವುದರ ಜೊತೆಗೂ ಸೇರಲ್ಲ.’

‘ಸರಿ. ಫ್ರಿಜ್‌ನಿಂದ ಸೋರಿದ್ದು ಅಷ್ಟು ಮೇಲೆ ಓಝೋನ್ ತನಕ ಹೆಂಗೆ ಹೋಯ್ತು? ದಾರಿಲಿ ಯಾಕೆ ಕರಗಿಹೋಗ್ಲಿಲ್ಲ?’

‘...ಯಾವುದರ ಜೊತೆಗೂ ಸೇರಲ್ವಲ್ಲ, ಅದಕ್ಕೆ. ಅಯ್ಯೋ ಚಿಕ್ಕಮ್ಮಾ, ಅದೇ ಒಳ್ಳೆ ಗುಣ ಅಲ್ವಾ ಅದರದ್ದು?’

ಸಿಕ್ಕಿತು. ಮೊಲಿನಾ ಮತ್ತು ರೋಲಂಡ್ 1974ರಲ್ಲಿ ಹೇಳಿದ್ದರ ತಿರುಳೂ ಇದೇ. ಕೆಳಗಿನ ಗಾಳಿಯಲ್ಲಿ ಯಾವುದರ ಜೊತೆಗೂ ಬೆರೆಯದೆ ಉಳಿಯುವುದರಿಂದಲೇ ಸಿಎಫ್‌ಸಿ ನಿಧಾನವಾಗಿ ಮೇಲೇರುತ್ತದೆ. ಅಲ್ಲಿ ಪ್ರಖರ ನೇರಳಾತೀತ ಕಿರಣ ಬಿದ್ದಾಗ ಒಡೆದು ಕ್ಲೋರಿನ್ ಬಿಡುತ್ತದೆ. ಆ ಕ್ಲೋರಿನ್ ಓಝೋನನ್ನು ಮುರಿಯುತ್ತದೆ, ತಾನು ಖರ್ಚಾಗದೆ ಮತ್ತೊಂದನ್ನು ಮುರಿಯಲು ಹೋಗುತ್ತದೆ. ಅಡುಗೆಮನೆಯಲ್ಲಿ ಅದನ್ನು ಸುರಕ್ಷಿತ ಮಾಡಿದ ಗುಣವೇ ಆಕಾಶದಲ್ಲಿ ಅಪಾಯ ಆಯಿತು. ‘ವರವೋ ಶಾಪವೋ’ ಎಂಬ ಸವೆದ ತಲೆಬರಹಕ್ಕೆ ಇದೊಂದು ನಿಜವಾದ ಉತ್ತರ. ಅದನ್ನು ಹುಡುಗಿ ತನ್ನ ಬಾಯಿಂದ ಹೇಳಿದ್ದಾಳೆ. ಚಿಕ್ಕಮ್ಮ ಕೊಟ್ಟದ್ದು ಎರಡು ಪ್ರಶ್ನೆ ಮಾತ್ರ. ಈ ಹಂತದಲ್ಲಿ ಮಾಡಬೇಕಾದ ಒಂದೇ ಕೆಲಸ ಎಂದರೆ ‘ಈಗ ಹೇಳಿದ್ಯಲ್ಲ, ಅದನ್ನ ಹಂಗೇ ಬರಿ’ ಅನ್ನುವುದು. ಮಕ್ಕಳು ಬಾಯಲ್ಲಿ ಚೆನ್ನಾಗಿ ಹೇಳಿ, ಪೆನ್ನು ಹಿಡಿದ ಕೂಡಲೇ ‘ವಿಜ್ಞಾನವು ಎರಡು ಅಲಗಿನ ಕತ್ತಿ’ ಎಂದು ಬರೆಯುವುದು ಉಂಟು. ಹೇಳಿದ ಮಾತು ಆರುವ ಮೊದಲು ಕಾಗದಕ್ಕೆ ಇಳಿಯಬೇಕು.

ಅವಳು ತಿದ್ದಿ ಬರೆದದ್ದು ಹೀಗಿರಬಹುದು: ‘ಸಿಎಫ್‌ಸಿಗೆ ಬೆಂಕಿ ಹತ್ತುವುದಿಲ್ಲ, ಅದು ವಿಷವೂ ಅಲ್ಲ. ಅದು ಯಾವುದರ ಜೊತೆಗೂ ಸೇರುವುದಿಲ್ಲ. ಅದಕ್ಕೇ ಜನ ಅದನ್ನು ನಂಬಿದರು. ಆದರೆ ಯಾವುದರ ಜೊತೆಗೂ ಸೇರದೆ ಇದ್ದದ್ದರಿಂದ ಅದು ದಾರಿಯಲ್ಲಿ ಹಾಳಾಗದೆ ಓಝೋನ್ ತನಕ ಹೋಯಿತು. ವರ ಬೇರೆ ಶಾಪ ಬೇರೆ ಇರಲಿಲ್ಲ. ಎರಡೂ ಒಂದೇ ಗುಣ.’ ವ್ಯಾಕರಣದಲ್ಲಿ ಇನ್ನೂ ನಯ ಬೇಕು ಅನ್ನಿಸಿದರೆ ಅನ್ನಿಸಲಿ. ಎಂಟನೇ ತರಗತಿಯ ಹುಡುಗಿಯ ಕೈಯಿಂದ ಇದು ಬಂದಿದೆ, ಹಾಗೇ ಇರಬೇಕು.

ಮೂರನೆಯ ಕೊರತೆ ಕೊನೆಯ ವಾಕ್ಯ. ‘ವರವೂ ಹೌದು ಶಾಪವೂ ಹೌದು’ ಎಂಬುದು ಅಭಿಪ್ರಾಯದ ಥರ ಕಾಣುತ್ತದೆ, ಆದರೆ ಅಭಿಪ್ರಾಯದಿಂದ ತಪ್ಪಿಸಿಕೊಳ್ಳುವ ದಾರಿ ಅದು. ಮೇಷ್ಟ್ರು ಸ್ವಂತ ಅಭಿಪ್ರಾಯ ಕೇಳಿದ್ದಾರೆ. ಇಲ್ಲಿ ದೊಡ್ಡವರು ತುಂಬ ಎಚ್ಚರ ವಹಿಸಬೇಕು. ಸಂಗತಿ ಹೇಳಿಕೊಡಬಹುದು, ತಪ್ಪು ತೋರಿಸಬಹುದು, ತೀರ್ಪು ಮಾತ್ರ ಕೊಡಬಾರದು. ‘ಅಪಾಯ ಇದೆ ಅಂತ ಕಂಡುಹಿಡಿದವರು ಯಾರು?’ ಎಂದು ಕೇಳಬಹುದು. ‘ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದ್ದು ಯಾರು?’ ಎಂದು ಕೇಳಬಹುದು. ಒಂದಕ್ಕೆ ಉತ್ತರ ವಿಜ್ಞಾನಿಗಳು, ಇನ್ನೊಂದಕ್ಕೆ ಸರ್ಕಾರಗಳು. 1974ರಿಂದ 1987ರ ತನಕ ಹದಿಮೂರು ವರ್ಷ ಹಿಡಿಯಿತು. ಅದು ಬೇಗ ಆಯಿತೋ ತಡವಾಯಿತೋ ಎಂದು ಅವಳೇ ಹೇಳಲಿ. ‘ತಡ ಆಯ್ತು, ವಿಜ್ಞಾನದ್ದು ತಪ್ಪಿಲ್ಲ’ ಅಂದರೂ ಸರಿ. ‘ಮೊದಲೇ ಪರೀಕ್ಷೆ ಮಾಡ್ಬೇಕಿತ್ತು, ತಪ್ಪಿದೆ’ ಅಂದರೂ ಸರಿ. ನಮಗೆ ಒಪ್ಪಿಗೆ ಆಗದ ಉತ್ತರ ಬಂದಾಗ ಬಾಯಿ ಮುಚ್ಚಿಕೊಂಡಿರುವುದು ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಬೇಕಿದ್ದರೆ ಒಂದು ಹೆಜ್ಜೆ ಮುಂದೆ ಹೋಗಬಹುದು. ಸಿಎಫ್‌ಸಿ ಬದಲು ಬಂದ ಆರ್ 134ಎ ಓಝೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಅದು ಭೂಮಿಯನ್ನು ಬಿಸಿಮಾಡುವ ಬಲವಾದ ಅನಿಲ. ಹಾಗಾಗಿ ಆ ಗುಂಪಿನ ಅನಿಲಗಳನ್ನೂ ಕಡಿಮೆ ಮಾಡಲು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು. ಈಗಿನ ಆರ್ 600ಎಗೆ ಈ ಎರಡು ದೋಷ ಇಲ್ಲವೆಂದೇ ಹೇಳಬಹುದು, ಆದರೆ ಬೆಂಕಿ ಹತ್ತುತ್ತದೆ, ಅದಕ್ಕೇ ಗ್ರಾಂ ಲೆಕ್ಕದಲ್ಲಿ ತುಂಬುತ್ತಾರೆ. ಟಾರ್ಚ್ ಹಿಡಿದು ಓದಿದ ಚೀಟಿಗೆ ಈಗ ಅರ್ಥ ಬಂತು. ಇಷ್ಟು ಹೊತ್ತಿಗೆ 500 ಪದ ಸಾಲದು ಎಂದು ಹುಡುಗಿಯೇ ಗೊಣಗುತ್ತಾಳೆ. ಯಾವುದನ್ನು ಬಿಡಬೇಕು ಎಂದು ಆರಿಸುವುದೂ ಅವಳ ಕೆಲಸವೇ.

ಈ ಥರದ ಸಹಾಯಕ್ಕೆ ಶಿಕ್ಷಣದಲ್ಲಿ ಒಂದು ಹೆಸರಿದೆ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಅವರು ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ಹೇಳಿಕೊಡುವವರು ಏನು ಮಾಡುತ್ತಾರೆ ಎಂದು ಗಮನಿಸಿ ಬರೆದರು. ಆ ನೆರವನ್ನು ಅವರು ಕಟ್ಟಡಕ್ಕೆ ಕಟ್ಟುವ ಸಾರವೆಗೆ ಹೋಲಿಸಿ ‘ಸ್ಕ್ಯಾಫೋಲ್ಡಿಂಗ್’ ಎಂದು ಕರೆದರು. ಹೋಲಿಕೆಯ ಜೀವ ಇರುವುದು ಸಾರವೆಯನ್ನು ಬಿಚ್ಚುವುದರಲ್ಲಿ. ಮುಂದಿನ ಪ್ರಬಂಧಕ್ಕೆ ಚಿಕ್ಕಮ್ಮ ಎರಡು ಪ್ರಶ್ನೆಯ ಬದಲು ಒಂದು ಕೇಳಬೇಕು. ಅದರ ಮುಂದಿನದಕ್ಕೆ ಹುಡುಗಿ ಆ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳಬೇಕು. ಪ್ರತಿ ಸಲವೂ ಅಷ್ಟೇ ಸಹಾಯ ಬೇಕಾಗುತ್ತಿದ್ದರೆ ನಾವು ಜಾಸ್ತಿ ಮಾಡುತ್ತಿದ್ದೇವೆ ಎಂದರ್ಥ.

ಗೆರೆ ದಾಟಿದ್ದೇವೋ ಇಲ್ಲವೋ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಪ್ರಬಂಧದ ಯಾವುದಾದರೂ ವಾಕ್ಯಕ್ಕೆ ಬೆರಳಿಟ್ಟು ‘ಇದರ ಅರ್ಥ ಹೇಳು’ ಎಂದರೆ ಮಗು ತನ್ನ ಬೇರೆ ಮಾತಿನಲ್ಲಿ ಹೇಳಬೇಕು. ಹೇಳಲಾಗದ ವಾಕ್ಯ ನಮ್ಮದು ಅಥವಾ ಪುಸ್ತಕದ್ದು, ಅದನ್ನು ತೆಗೆಯಬೇಕು. ಇನ್ನೊಂದು ನಮಗೇ ಇರುವ ಪರೀಕ್ಷೆ. ನಾವು ಮಾಡಿದ್ದನ್ನೆಲ್ಲ ಮೇಷ್ಟ್ರ ಎದುರು ನಿಂತು ಹಾಗೇ ಹೇಳಬಲ್ಲೆವಾ? ‘ಪ್ರಶ್ನೆ ಕೇಳಿದೆ, ಓಝೋನ್ ತಪ್ಪು ತೋರಿಸಿದೆ, ಕಾಗುಣಿತ ತಪ್ಪಿರುವ ಸಾಲಿಗೆ ಗೆರೆ ಹಾಕಿದೆ’ ಎಂದು ಯಾರು ಬೇಕಾದರೂ ಹೇಳಬಹುದು. ‘ಕೊನೆ ಪ್ಯಾರಾ ನಾನೇ ಬರೆದೆ’ ಎಂದು ಹೇಳಲು ನಾಲಿಗೆ ಏಳುವುದಿಲ್ಲ.

ಕಾಗುಣಿತದ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ತಪ್ಪು ಇರುವ ಸಾಲಿನ ಅಂಚಿನಲ್ಲಿ ಚುಕ್ಕೆ ಇಟ್ಟು, ಎಲ್ಲಿ ಎಂದು ಅವಳಿಂದಲೇ ಹುಡುಕಿಸುವುದು ಒಳ್ಳೆಯದು. ಮೂರು ಪುಟವನ್ನೂ ತಿದ್ದಿ ಕೊಟ್ಟರೆ ಅಲ್ಪಪ್ರಾಣ ಮಹಾಪ್ರಾಣದಲ್ಲಿ ಅವಳಿಗೆ ತೊಡಕಿದೆ ಅನ್ನುವುದು ಮೇಷ್ಟ್ರಿಗೆ ಗೊತ್ತೇ ಆಗುವುದಿಲ್ಲ. ಮಾದರಿ ತೋರಿಸಲೇಬೇಕು ಅನ್ನಿಸಿದರೆ ಬೇರೆ ತಲೆಬರಹದ ಮೇಲೆ ಒಂದು ಪ್ಯಾರಾ ಬರೆದು ತೋರಿಸಿ. ಫ್ರಿಜ್ ಬಗ್ಗೆ ಬರೆಯುವವಳಿಗೆ ಎಕ್ಸ್-ರೇ ಬಗ್ಗೆ ಒಂದು ಪ್ಯಾರಾ ತೋರಿಸಿದರೆ ಕಟ್ಟುವ ಬಗೆ ಕಲಿಯುತ್ತಾಳೆ, ನಕಲು ಮಾಡಲು ಆಗುವುದಿಲ್ಲ.

ಎಲ್ಲ ಸಲವೂ ಇಷ್ಟು ಹೊತ್ತು ಇರುವುದಿಲ್ಲ, ಒಪ್ಪುತ್ತೇನೆ. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆಗೆ ಬೇಕು ಅನ್ನುವ ಮಗುವಿಗೆ ಎರಡು ದಾರಿ ಇವೆ. ಮಗುವೇ ಇನ್ನೂರು ಪದ ಬರೆದು, ‘ಇಷ್ಟೇ ಆಯಿತು, ಉಳಿದದ್ದನ್ನು ನಾಡಿದ್ದು ಕೊಡುತ್ತೇನೆ’ ಎಂದು ಕೆಳಗೆ ಸೇರಿಸುವುದು ಒಂದು. ಬೆಳಿಗ್ಗೆ ಮೇಷ್ಟ್ರ ಹತ್ತಿರ ಹೋಗಿ ಇನ್ನೊಂದು ದಿನ ಕೇಳುವುದು ಇನ್ನೊಂದು. ಎರಡರಲ್ಲೂ ಅಂಕ ಹೋಗಬಹುದು. ಹೋಗಲಿ ಬಿಡಿ.

ಕೈಬರಹವೇ ಕಷ್ಟವಾದ ಮಕ್ಕಳ ವಿಷಯ ಬೇರೆ. ಡಿಸ್‌ಗ್ರಾಫಿಯಾ ಇರುವ, ಕೈ ಮುರಿದುಕೊಂಡ, ಕಣ್ಣು ಕಾಣದ ಮಗು ಬಾಯಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಡುವುದು ಪೂರ್ತಿ ಪ್ರಾಮಾಣಿಕ ಸಹಾಯ. ಪರೀಕ್ಷೆಗಳಲ್ಲೇ ಇಂಥ ಬರಹಗಾರರ ವ್ಯವಸ್ಥೆ ಇರುತ್ತದೆ. ನಿಯಮ ಒಂದೇ, ಹೇಳಿದ್ದಕ್ಕೆ ಒಂದು ಪದವನ್ನೂ ಸೇರಿಸಬಾರದು, ಮತ್ತು ಶಾಲೆಗೆ ಇದು ಗೊತ್ತಿರಬೇಕು.

ದುಡ್ಡಿಗೆ ಬರೆದುಕೊಡುವವರ ಲೋಕವೇ ಬೇರೆ ಇದೆ. 2006ರಲ್ಲಿ ರಾಬರ್ಟ್ ಕ್ಲಾರ್ಕ್ ಮತ್ತು ಥಾಮಸ್ ಲ್ಯಾಂಕಾಸ್ಟರ್ ಎಂಬ ಇಬ್ಬರು ಅಧ್ಯಾಪಕರು, ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ತಮ್ಮ ಅಸೈನ್‌ಮೆಂಟ್‌ಗಳನ್ನು ಹೊರಗಿನವರಿಗೆ ವಹಿಸುತ್ತಿದ್ದುದನ್ನು ಗಮನಿಸಿ ಅದನ್ನು ಗುತ್ತಿಗೆ ಮೋಸ ಎಂದು ಕರೆದರು. ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಇಂಥ ಸೇವೆಗಳ ವಿರುದ್ಧ ಕಾನೂನು ತಂದವು. ಎಂಟನೇ ಕ್ಲಾಸಿನ ಹೋಂವರ್ಕ್ ಆ ಕಾನೂನುಗಳ ಗುರಿ ಅಲ್ಲ. ಆದರೆ ಅಂಥ ಸೇವೆಗೂ ಹೋಗುವುದು ಇದೇ ಥರದ ಕೋರಿಕೆಯೇ, ತಲೆಬರಹ, ಪದಸಂಖ್ಯೆ, ಗಡುವು.

ಹುಡುಗಿಯ ಪ್ರಬಂಧದ ಕೊನೆಯಲ್ಲಿ ಒಂದು ಸಾಲು ಬಾಕಿ ಇದೆ. ಸಹಾಯ ಪಡೆದದ್ದನ್ನು ಬರೆಯುವ ಅಭ್ಯಾಸ ಶಾಲೆಗಳಲ್ಲಿ ಕಡಿಮೆ, ಇದ್ದರೆ ಚೆನ್ನ. ‘ಮಾಹಿತಿ ಹುಡುಕಲು ಮತ್ತು ಒಂದು ತಪ್ಪು ತಿದ್ದಿಕೊಳ್ಳಲು ಚಿಕ್ಕಮ್ಮ ಸಹಾಯ ಮಾಡಿದರು. ಫ್ರಿಜ್‌ನ ಚೀಟಿ ನಾನೇ ನೋಡಿದ್ದು.’ ಇದನ್ನೂ ಸೇರಿಸಿ ಎಣಿಸಿದರೆ 500 ದಾಟುತ್ತದಾ ಎಂದು ಅವಳು ಕೇಳಬಹುದು. ಇದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.